85 ಅಂದ್ರೆ ಎಷ್ಟು ವೋಲ್ಟ್? ಎಡಿಸಿ ಎಣಿಕೆಯಿಂದ ವೋಲ್ಟೇಜ್‌ವರೆಗೆ

ಇದು ನಮ್ಮ ವಿಡಿಯೋ ಮಾತಿನ ಬರಹ ರೂಪ. ವಿಡಿಯೋದಲ್ಲಿ ಬೋರ್ಡ್ ಮೇಲೆ ಬರೆದ ಲೆಕ್ಕಗಳನ್ನು ನಿಧಾನವಾಗಿ ನೋಡಬೇಕು ಅನ್ನೋರಿಗೆ ಇಲ್ಲಿ ಪೂರ್ತಿ ಕೊಟ್ಟಿದ್ದೇವೆ.

ಇವತ್ತಿನ ಮಾತು ಒಂದೇ ಒಂದು ಸಂಖ್ಯೆಯ ಸುತ್ತ. ಆರ್ಡುಯಿನೊ ಯುನೊ ಬೋರ್ಡಿಗೆ ಒಂದು ಅನಲಾಗ್ ಸೆನ್ಸರ್ ಜೋಡಿಸಿ `analogRead(A0)` ಅಂತ ಬರೆದ್ರೆ 0 ರಿಂದ 1023ರ ಒಳಗಿನ ಒಂದು ಸಂಖ್ಯೆ ಸಿಗುತ್ತೆ. 85 ಸಿಕ್ಕಿತು ಅಂತ ಇಟ್ಕೊಳ್ಳಿ. ಈ 85 ಅಂದ್ರೆ ಎಷ್ಟು ವೋಲ್ಟ್?

ಉತ್ತರ ನಿಮಗೆ ಗೊತ್ತಿರಬಹುದು. 85ನ್ನು 5ರಿಂದ ಗುಣಿಸಿ, 1024ರಿಂದ ಭಾಗಿಸಿ. 0.415 ವೋಲ್ಟ್. ಎಲ್ಲಾ ಕಡೆ ಹೀಗೇ ಹೇಳಿಕೊಡ್ತಾರೆ. ನನ್ನ ಪ್ರಶ್ನೆ ಇಷ್ಟೇ: ಆ 5 ಅನ್ನೋದನ್ನ ಯಾರು ಅಳೆದಿದ್ದು? 85ನ್ನು ಚಿಪ್ ಅಳೆದು ಕೊಟ್ಟಿದೆ. 1024 ಚಿಪ್‌ನ ರಚನೆಯಿಂದ ಬಂದಿದೆ. 5 ಮಾತ್ರ ನಾವು ಬೋರ್ಡ್ ಮೇಲೆ ಅಚ್ಚಾಗಿರೋದನ್ನ ನೋಡಿ ನಂಬಿದ ಸಂಖ್ಯೆ. ಬಹಳಷ್ಟು ಮನೆಗಳಲ್ಲಿ ಅಲ್ಲಿ 5 ವೋಲ್ಟ್ ಇರೋದೇ ಇಲ್ಲ.

ಮೊಸರಿನ ಪೆಟ್ಟಿಗೆ

ಇದನ್ನ ಒಂದು ನಿಜವಾದ ಕೆಲಸದ ಮೇಲಿಟ್ಟು ನೋಡೋಣ. ದೆಹಲಿಯಲ್ಲಿರೋ ಒಬ್ಬ ವೀಕ್ಷಕರು ಚಳಿಗಾಲಕ್ಕೆ ಅಂತ ಒಂದು ಪೆಟ್ಟಿಗೆ ಮಾಡಿದ್ರು. ಜನವರಿಯಲ್ಲಿ ಅಲ್ಲಿ ರಾತ್ರಿ ಹೆಪ್ಪು ಹಾಕಿಟ್ರೆ ಬೆಳಿಗ್ಗೆ ಹಾಲು ಹಾಲಾಗೇ ಇರುತ್ತೆ ಅನ್ನೋದು ಅಲ್ಲಿರೋರಿಗೆಲ್ಲ ಗೊತ್ತು. ಅದಕ್ಕೇ ಥರ್ಮಾಕೋಲ್ ಪೆಟ್ಟಿಗೆ, ಒಳಗೆ ಬಿಸಿಗೆ ಒಂದು ಹಳೇ ಕಾಲದ ಫಿಲಮೆಂಟ್ ಬಲ್ಬು, ಬಲ್ಬನ್ನು ಹಚ್ಚಿ ಆರಿಸೋಕೆ ಒಂದು ರಿಲೇ ಮಾಡ್ಯೂಲ್, ಪಾತ್ರೆಯ ಪಕ್ಕ ಒಂದು ಎಲ್‌ಎಂ35 ತಾಪಮಾನ ಸೆನ್ಸರ್. ಎಲ್ಲವನ್ನೂ ನೋಡಿಕೊಳ್ಳೋದು ಒಂದು ಯುನೊ. ಅದಕ್ಕೆ ಕರೆಂಟು ಮೊಬೈಲ್ ಚಾರ್ಜರಿನಿಂದ, ಒಂದು ತೆಳುವಾದ ಯುಎಸ್‌ಬಿ ಕೇಬಲ್ ಮೂಲಕ. 42 ಡಿಗ್ರಿಗಿಂತ ಕಡಿಮೆಯಾದ್ರೆ ಬಲ್ಬು ಹಚ್ಚು, ಹೆಚ್ಚಾದ್ರೆ ಆರಿಸು. ಪ್ರೋಗ್ರಾಂ ಇಷ್ಟೇ. ಬಲ್ಬಿನ 230 ವೋಲ್ಟ್ ಭಾಗವನ್ನು ಮಾತ್ರ ಬಲ್ಲ ಎಲೆಕ್ಟ್ರಿಶಿಯನ್ ಕೈಲೇ ಮಾಡಿಸಿ, ಅದು ಇವತ್ತಿನ ವಿಷಯ ಅಲ್ಲ.

ಅವರ ದೂರು ಎರಡು. ಒಂದು, ಪೆಟ್ಟಿಗೆ ಬಿಸಿಯಾಗ್ತಾ ಬಂದು ಒಂದು ಹಂತದಲ್ಲಿ ರಿಲೇ ಟಕ ಟಕ ಟಕ ಅಂತ ಹೊಡ್ಕೊಳ್ಳೋಕೆ ಶುರು ಮಾಡುತ್ತೆ, ಬಲ್ಬು ಮಿನುಗುತ್ತೆ. ಎರಡು, ಪರದೆಯಲ್ಲಿ 42 ತೋರಿಸ್ತಾ ಇದ್ರೂ ಥರ್ಮಾಮೀಟರ್ ಇಟ್ಟರೆ 40ರ ಆಸುಪಾಸು. ಹೊಸ ಎಲ್‌ಎಂ35 ತಂದು ಹಾಕಿದ್ರು, ಅದೇ ಕಥೆ. ಹದಿನಾರು ಸಲ ಓದಿ ಸರಾಸರಿ ತಗೊಂಡ್ರು, ಅದೇ ಕಥೆ.

ಇಲ್ಲಿ ಸೆನ್ಸರ್ ಕೆಟ್ಟಿಲ್ಲ, ರಿಲೇ ಕೆಟ್ಟಿಲ್ಲ. ಎರಡೂ ದೂರಿನ ಮೂಲ ಆ ಸೂತ್ರದ 5ರಲ್ಲಿದೆ. ಅದು ಹೇಗೆ ಅಂತ ತಿಳಿಯೋಕೆ ಎಡಿಸಿ ಒಳಗೆ ಏನು ನಡೆಯುತ್ತೆ ಅಂತ ಒಂದ್ಸಲ ನೋಡಲೇಬೇಕು.

ತಕ್ಕಡಿ ಮತ್ತು ತೂಕದ ಕಲ್ಲುಗಳು

ಯುನೊದಲ್ಲಿರೋದು ಎಟಿಮೆಗಾ328ಪಿ ಚಿಪ್. ಅದರ ಎಡಿಸಿ ಕೆಲಸ ಮಾಡೋದು ತಕ್ಕಡಿಯ ಹಾಗೆ. ಒಂದು ತಟ್ಟೆಯಲ್ಲಿ ಸೆನ್ಸರಿನ ವೋಲ್ಟೇಜ್ ಕೂತಿದೆ. ಇನ್ನೊಂದು ತಟ್ಟೆಗೆ ಹಾಕೋಕೆ ಹತ್ತು ತೂಕದ ಕಲ್ಲು ಇವೆ. ಮೊದಲನೆಯದು ರೆಫರೆನ್ಸ್ ವೋಲ್ಟೇಜಿನ ಅರ್ಧ, ಎರಡನೆಯದು ಕಾಲು, ಮೂರನೆಯದು ಅರೆಕಾಲು, ಹೀಗೆ ಪ್ರತಿಯೊಂದೂ ಹಿಂದಿನದರ ಅರ್ಧ. ದೊಡ್ಡ ಕಲ್ಲಿನಿಂದ ಶುರು ಮಾಡಿ ಒಂದೊಂದೇ ಹಾಕಿ ನೋಡುತ್ತೆ. ಭಾರ ಜಾಸ್ತಿಯಾದ್ರೆ ತೆಗೆದುಬಿಡುತ್ತೆ, ಕಡಿಮೆಯಿದ್ರೆ ಹಾಗೇ ಬಿಟ್ಟು ಮುಂದಿನ ಕಲ್ಲು ಹಾಕುತ್ತೆ.

ಎಲ್‌ಎಂ35 ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತೆ. 40 ಡಿಗ್ರಿ ಅಂದ್ರೆ 400 ಮಿಲಿವೋಲ್ಟ್. ರೆಫರೆನ್ಸ್ 4.80 ವೋಲ್ಟ್ ಇದೆ ಅಂತ ಇಟ್ಕೊಂಡು ತೂಗೋಣ. 2400 ಹಾಕಿದ್ರೆ ಜಾಸ್ತಿ, ತೆಗೆ. 1200 ಜಾಸ್ತಿ. 600 ಜಾಸ್ತಿ. 300 ಸರಿ, ಇರಲಿ. ಅದರ ಜೊತೆ 150 ಸೇರಿಸಿದ್ರೆ 450, ಜಾಸ್ತಿ. 75 ಸೇರಿಸಿದ್ರೆ 375, ಇರಲಿ. ಹೀಗೇ ಹತ್ತನೇ ಕಲ್ಲಿನವರೆಗೆ ಹೋದ್ರೆ ತಟ್ಟೆಯಲ್ಲಿ ಉಳಿಯೋದು ಸುಮಾರು 398 ಮಿಲಿವೋಲ್ಟ್. ಉಳಿದ ಕಲ್ಲುಗಳನ್ನು 1, ತೆಗೆದವನ್ನು 0 ಅಂತ ಸಾಲಾಗಿ ಬರೆದ್ರೆ 0001010101. ಅದನ್ನ ದಶಮಾಂಶಕ್ಕೆ ತಿರುಗಿಸಿದ್ರೆ 85.

ಗಮನಿಸಿ, ಹತ್ತೂ ಕಲ್ಲುಗಳನ್ನ ಕಡೆದಿರೋದು ಒಂದೇ ಬಂಡೆಯಿಂದ, ಅಂದ್ರೆ ರೆಫರೆನ್ಸ್ ವೋಲ್ಟೇಜಿನಿಂದ. ಚಿಪ್‌ಗೆ ವೋಲ್ಟ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಅದು ಹೇಳೋದು ಇಷ್ಟೇ: "ಒಳಗೆ ಬಂದದ್ದು ರೆಫರೆನ್ಸಿನ 1024 ಪಾಲಲ್ಲಿ 85 ಪಾಲು." ಡೇಟಾಶೀಟಿನಲ್ಲಿರೋ ಸೂತ್ರವೂ ಇದೇ:

```
count = Vin * 1024 / Vref
Vin   = count * Vref / 1024
```

ಈಗ ಅಂಗಡಿಯವನ ತೂಕದ ಕಲ್ಲು ಸವೆದಿದೆ ಅಂತ ಇಟ್ಕೊಳ್ಳಿ. ಅಕ್ಕಿ ಅಷ್ಟೇ ಇದೆ. ಕಲ್ಲು ಹಗುರವಾಗಿರೋದ್ರಿಂದ ಹೆಚ್ಚು ಕಲ್ಲು ಹಿಡಿಯುತ್ತೆ, ಲೆಕ್ಕದಲ್ಲಿ ತೂಕ ಜಾಸ್ತಿ ಕಾಣುತ್ತೆ. ಎಡಿಸಿಯಲ್ಲೂ ಹಾಗೇ. ರೆಫರೆನ್ಸ್ ಕುಸಿದರೆ, ಒಳಗೆ ಬರೋ ವೋಲ್ಟೇಜ್ ಬದಲಾಗದೇ ಇದ್ದರೂ ಎಣಿಕೆ ಏರುತ್ತೆ. ಈ ಮಾತೊಂದನ್ನ ನೆನಪಿಟ್ಟುಕೊಳ್ಳಿ, ಪೆಟ್ಟಿಗೆಯ ಕಾಯಿಲೆ ಇದರಲ್ಲೇ ಇದೆ.

ರಿಲೇ ಯಾಕೆ ಹೊಡ್ಕೊಳ್ಳುತ್ತೆ

ಯುನೊದಲ್ಲಿ ನೀವು ಬೇರೇನೂ ಹೇಳದಿದ್ರೆ ರೆಫರೆನ್ಸ್ ಅಂದ್ರೆ ಬೋರ್ಡಿನ 5 ವೋಲ್ಟ್ ಸರಬರಾಜೇ. ಯುಎಸ್‌ಬಿಯಿಂದ ನಡೆಸಿದ್ರೆ ಅದು ಚಾರ್ಜರ್ ಎಷ್ಟು ಕೊಡುತ್ತೋ ಅದರಲ್ಲಿ ಕೇಬಲ್ ತಿಂದು, ಬೋರ್ಡಿನ ಫ್ಯೂಸ್ ತಿಂದು ಉಳಿದದ್ದು. ಅದೇ ಸಾಲಿನಿಂದ ರಿಲೇ ಕಾಯಿಲ್‌ಗೂ ಕರೆಂಟು ಹೋಗ್ತಾ ಇದೆ. 5 ವೋಲ್ಟಿನ ಸಾಮಾನ್ಯ ರಿಲೇ 70ರಿಂದ 80 ಮಿಲಿಆಂಪಿಯರ್ ಎಳೆಯುತ್ತೆ. ತೆಳು ಕೇಬಲ್ ಮತ್ತು ಫ್ಯೂಸ್ ಸೇರಿ ಒಂದೂ ಕಾಲು ಓಮ್ ಇದ್ರೂ ಸಾಕು, ರಿಲೇ ಎಳೆದ ಕೂಡಲೇ ಸರಬರಾಜು 0.1 ವೋಲ್ಟ್ ಇಳಿಯುತ್ತೆ.

ನಮ್ಮ ಪೆಟ್ಟಿಗೆಯಲ್ಲಿ ಬೋರ್ಡಿನ 5ವಿ ಪಿನ್ ಮತ್ತು ಗ್ರೌಂಡ್ ಮಧ್ಯೆ ಮಲ್ಟಿಮೀಟರ್ ಹಿಡಿದಾಗ ರಿಲೇ ಆಫ್ ಇದ್ದರೆ 4.80, ಆನ್ ಆದರೆ 4.70. ಈಗ ನಿಜವಾದ ತಾಪಮಾನ 40 ಡಿಗ್ರಿ ಇದ್ದಾಗ ಏನಾಗುತ್ತೆ, ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ರಿಲೇ ಆಫ್ ಇದೆ. ರೆಫರೆನ್ಸ್ 4.80. 400 ಮಿಲಿವೋಲ್ಟಿಗೆ ಎಣಿಕೆ 85. ಪ್ರೋಗ್ರಾಂ ಇದನ್ನ 5 ವೋಲ್ಟ್ ಅಂತ ನಂಬಿ ಲೆಕ್ಕ ಹಾಕುತ್ತೆ: 415 ಮಿಲಿವೋಲ್ಟ್, ಅಂದ್ರೆ 41.5 ಡಿಗ್ರಿ. 42ಕ್ಕಿಂತ ಕಡಿಮೆ. ಹಾಗಾದ್ರೆ ಬಲ್ಬು ಹಚ್ಚು.

ರಿಲೇ ಆನ್ ಆಯ್ತು. ರೆಫರೆನ್ಸ್ 4.70ಕ್ಕೆ ಇಳೀತು. ಕಲ್ಲು ಹಗುರವಾಯ್ತು. ಅದೇ 400 ಮಿಲಿವೋಲ್ಟಿಗೆ ಈಗ ಎಣಿಕೆ 87. ಪ್ರೋಗ್ರಾಂ ಲೆಕ್ಕದಲ್ಲಿ ಸುಮಾರು 425 ಮಿಲಿವೋಲ್ಟ್, ಅಂದ್ರೆ 42.5 ಡಿಗ್ರಿ. 42 ದಾಟಿತು. ಬಲ್ಬು ಆರಿಸು.

ರಿಲೇ ಆಫ್. ರೆಫರೆನ್ಸ್ ಮತ್ತೆ 4.80. ಮತ್ತೆ 41.5. ಮತ್ತೆ ಹಚ್ಚು. ಪೆಟ್ಟಿಗೆಯೊಳಗಿನ ಗಾಳಿ ಒಂದು ಚೂರೂ ಬಿಸಿಯಾಗಿಲ್ಲ, ತಣ್ಣಗಾಗಿಲ್ಲ. ರಿಲೇ ತನ್ನದೇ ಕರೆಂಟಿಗೆ ತಾನೇ ಉತ್ತರ ಕೊಡ್ತಾ ಕೂತಿದೆ.

ಇದೇ ಲೆಕ್ಕ ಮುಂದುವರಿಸಿದ್ರೆ, ನಿಜವಾದ ತಾಪಮಾನ ಸುಮಾರು 39.5 ಆಗೋವರೆಗೆ ರಿಲೇ ನೆಮ್ಮದಿಯಾಗಿ ಆನ್ ಇರುತ್ತೆ. 39.5ರಿಂದ 40.3ರ ಮಧ್ಯೆ ಹೊಡ್ಕೊಳ್ಳುತ್ತೆ. 40.3 ದಾಟಿದ್ರೆ ಆಫ್. ಅಂದ್ರೆ ಪೆಟ್ಟಿಗೆ ಯಾವತ್ತೂ 42 ತಲುಪೋದೇ ಇಲ್ಲ. ಎರಡು ದೂರಿಗೂ ಉತ್ತರ ಒಂದೇ ಕಡೆ ಸಿಕ್ಕಿತು.

ಸರಾಸರಿ ತಗೊಂಡ್ರೂ ಯಾಕೆ ಸರಿಹೋಗಲಿಲ್ಲ ಅಂತ ಈಗ ಗೊತ್ತಾಗುತ್ತೆ. ಸವೆದ ಕಲ್ಲಿನಲ್ಲಿ ಹದಿನಾರು ಸಲ ತೂಗಿದ್ರೂ ಹದಿನಾರು ಸಲವೂ ಅದೇ ತಪ್ಪು ತೂಕ. ಸರಾಸರಿ ಕಡಿಮೆ ಮಾಡೋದು ಆ ಕಡೆ ಈ ಕಡೆ ಅಲುಗಾಡೋ ಗದ್ದಲವನ್ನ, ಒಂದೇ ಕಡೆ ವಾಲಿರೋ ತಪ್ಪನ್ನಲ್ಲ.

ಕೆಲವರು ಕೇಳಬಹುದು, ಆನ್ ಮಾಡೋ ತಾಪಮಾನಕ್ಕೂ ಆಫ್ ಮಾಡೋ ತಾಪಮಾನಕ್ಕೂ ಅಂತರ ಇಟ್ರೆ ಆಗಲ್ವಾ ಅಂತ. 41ಕ್ಕೆ ಹಚ್ಚು, 43ಕ್ಕೆ ಆರಿಸು. ಹೌದು, ಟಕ ಟಕ ನಿಲ್ಲುತ್ತೆ. ಆದ್ರೆ ನಿಜವಾದ ತಾಪಮಾನ 39.4ಕ್ಕೆ ಹಚ್ಚಿ 40.4ಕ್ಕೆ ಆರಿಸುತ್ತೆ. ಸದ್ದು ಹೋಯ್ತು, ತಪ್ಪು ಉಳೀತು. ಇನ್ನೂ ಕಷ್ಟ ಏನಂದ್ರೆ, ಇನ್ನು ಮೇಲೆ ತಪ್ಪು ಇದೆ ಅಂತ ಹೇಳೋಕೆ ಆ ಸದ್ದೂ ಇರಲ್ಲ.

ನಿಮ್ಮ ಬೋರ್ಡಿನಲ್ಲಿ ಇದೇ ತೊಂದರೆಯಾ ಅಂತ ತಿಳಿಯೋದು

ಮಲ್ಟಿಮೀಟರ್ ಇದ್ರೆ ಎರಡು ನಿಮಿಷದ ಕೆಲಸ. ಮೊದಲು `A0` ಪಿನ್ ಮತ್ತು ಗ್ರೌಂಡ್ ಮಧ್ಯೆ ಅಳೀರಿ. ಅದನ್ನ ಪ್ರೋಗ್ರಾಂ ಹೇಳೋ ವೋಲ್ಟೇಜ್ ಜೊತೆ ಹೋಲಿಸಿ. ಮೀಟರ್ 0.400 ಅಂತಿದೆ, ಪ್ರೋಗ್ರಾಂ 0.415 ಅಂತಿದೆ ಅಂದ್ರೆ ಸೆನ್ಸರ್ ನಿರಪರಾಧಿ. ತಪ್ಪು ನಡೆದಿರೋದು ಎಣಿಕೆಯನ್ನು ವೋಲ್ಟೇಜ್ ಮಾಡೋ ಹಂತದಲ್ಲಿ. ಮೀಟರೂ ಪ್ರೋಗ್ರಾಮೂ ಒಂದೇ ಹೇಳ್ತಾ ಇದ್ದು ತಾಪಮಾನ ಮಾತ್ರ ತಪ್ಪಿದ್ರೆ ಆಗ ಸೆನ್ಸರ್ ಕಡೆ ನೋಡಿ.

ಮೀಟರ್ ಇಲ್ಲದಿದ್ರೂ ಎರಡು ಗುರುತು ಇವೆ. ಒಂದು, ಲ್ಯಾಪ್‌ಟಾಪಿನಿಂದ ಚಾರ್ಜರಿಗೆ ಬದಲಾಯಿಸಿದ ಕೂಡಲೇ ಓದು ಬದಲಾಗುತ್ತೆ. ಕೋಣೆಯ ತಾಪಮಾನಕ್ಕೆ ಯಾವ ಪ್ಲಗ್ಗು ಅಂತ ಗೊತ್ತಿರಲ್ಲ, ಹಾಗಾಗಿ ಆ ಬದಲಾವಣೆ ರೆಫರೆನ್ಸಿನದ್ದೇ. ಎರಡು, ತಪ್ಪು ತಾಪಮಾನದ ಜೊತೆ ಬೆಳೆಯುತ್ತೆ. 4.80 ಇರೋ ಕಡೆ 5 ಅಂತ ನಂಬಿದ್ರೆ ಶೇಕಡ 4ರಷ್ಟು ಜಾಸ್ತಿ ತೋರಿಸುತ್ತೆ. 25 ಡಿಗ್ರಿಯಲ್ಲಿ ಅದು ಒಂದು ಡಿಗ್ರಿ, 50ರಲ್ಲಿ ಎರಡು ಡಿಗ್ರಿ. ಎಲ್ಲಾ ತಾಪಮಾನದಲ್ಲೂ ಅಷ್ಟೇ ಡಿಗ್ರಿ ತಪ್ಪಿದ್ರೆ ಕಾರಣ ಬೇರೆ.

ಅಲುಗಾಡದ ಕಲ್ಲು: ಒಳಗಿನ ರೆಫರೆನ್ಸ್

ಹಾಗಾದ್ರೆ ಪ್ರೋಗ್ರಾಮಿನಲ್ಲಿ 5ರ ಬದಲು 4.80 ಅಂತ ಬರೆದ್ರೆ? ರಿಲೇ ಆಫ್ ಇದ್ದಾಗ ಸರಿ, ಆನ್ ಆದಾಗ ತಪ್ಪು. ಚಾರ್ಜರ್ ಬದಲಾದ್ರೆ ಮತ್ತೆ ತಪ್ಪು. ಬೇಕಾಗಿರೋದು ಸರಬರಾಜು ಕುಣಿದರೂ ಅಲುಗಾಡದ ರೆಫರೆನ್ಸ್. ಅದು ಚಿಪ್ ಒಳಗೇ ಇದೆ. ಎಟಿಮೆಗಾ328ಪಿ ಒಳಗೆ 1.1 ವೋಲ್ಟಿನ ಒಂದು ರೆಫರೆನ್ಸ್ ಇಟ್ಟಿದ್ದಾರೆ. `analogReference(INTERNAL)` ಅಂತ ಬರೆದ್ರೆ ಎಡಿಸಿ ಅದನ್ನ ಬಳಸುತ್ತೆ.

ಇಲ್ಲೊಂದು ವಿಷಯ ಇದೆ. 1.1 ಅನ್ನೋದೂ ಹೆಸರಿಗೆ 1.1. ಡೇಟಾಶೀಟ್ ಪ್ರಕಾರ ಚಿಪ್‌ನಿಂದ ಚಿಪ್‌ಗೆ ಅದು 1.0ರಿಂದ 1.2ರವರೆಗೆ ಇರಬಹುದು. ಅಂದ್ರೆ ಅಳೆಯದೇ ನಂಬಿದ್ರೆ ಶೇಕಡ 9ರಷ್ಟು ತಪ್ಪಾಗೋ ಸಾಧ್ಯತೆ, ಮೊದಲಿಗಿಂತ ಕೆಟ್ಟದ್ದು! ಆದ್ರೆ ಎರಡು ತಪ್ಪಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸರಬರಾಜಿನ ತಪ್ಪು ಗಳಿಗೆಗೊಂದು ಥರ. ಒಳಗಿನ ರೆಫರೆನ್ಸಿನ ತಪ್ಪು ನಿಮ್ಮ ಚಿಪ್‌ಗೆ ಹೆಚ್ಚುಕಡಿಮೆ ಸ್ಥಿರ. ಸ್ಥಿರವಾದ ತಪ್ಪನ್ನ ಒಂದೇ ಸಲ ಅಳೆದು ಸೂತ್ರದಲ್ಲಿ ಬರೆದುಬಿಟ್ರೆ ಮುಗೀತು.

ಅಳೆಯೋದು ಸುಲಭ. `analogReference(INTERNAL)` ಹಾಕಿ, ಒಂದೆರಡು ಸಲ `analogRead` ಮಾಡೋ ಪ್ರೋಗ್ರಾಂ ಬೋರ್ಡಿಗೆ ಹಾಕಿ. ಈಗ ಬೋರ್ಡಿನ ಮೇಲೆ `AREF` ಅಂತ ಬರೆದಿರೋ ಪಿನ್ ಮತ್ತು ಗ್ರೌಂಡ್ ಮಧ್ಯೆ ಡಿಜಿಟಲ್ ಮಲ್ಟಿಮೀಟರ್ ಹಿಡೀರಿ. ಬರೋ ಸಂಖ್ಯೆಯೇ ನಿಮ್ಮ ಚಿಪ್‌ನ ನಿಜವಾದ ರೆಫರೆನ್ಸ್. ಒಂದು ಎಚ್ಚರಿಕೆ: ಒಳಗಿನ ರೆಫರೆನ್ಸ್ ಬಳಸುವಾಗ `AREF` ಪಿನ್‌ಗೆ ಹೊರಗಿಂದ ಯಾವ ವೋಲ್ಟೇಜನ್ನೂ ಜೋಡಿಸಬಾರದು. ಎರಡು ಮೂಲಗಳು ಒಳಗೆ ಒಂದಕ್ಕೊಂದು ತಾಗಿ ಚಿಪ್ ಸುಡಬಹುದು.

ಪೆಟ್ಟಿಗೆಯ ಬೋರ್ಡಿನಲ್ಲಿ ಅದು 1.083 ವೋಲ್ಟ್ ಬಂತು ಅಂತ ಇಟ್ಕೊಳ್ಳಿ. ಅದೇ 40 ಡಿಗ್ರಿಗೆ ಈಗ ಎಣಿಕೆ 378. ಅದನ್ನ 1083ರಿಂದ ಗುಣಿಸಿ 1024ರಿಂದ ಭಾಗಿಸಿದ್ರೆ 399.8 ಮಿಲಿವೋಲ್ಟ್, ಅಂದ್ರೆ 39.98 ಡಿಗ್ರಿ. ರಿಲೇ ಆನ್ ಆದ್ರೂ 378, ಆಫ್ ಆದ್ರೂ 378. 1100 ಅಂತ ನಂಬಿದ್ದಿದ್ರೆ 40.6 ಬರ್ತಿತ್ತು, ಅದಕ್ಕೇ ಅಳೆಯಬೇಕು ಅಂದಿದ್ದು.

ಇದರ ಜೊತೆ ಇನ್ನೊಂದು ಲಾಭ ಬಿಟ್ಟಿಯಾಗಿ ಸಿಗುತ್ತೆ. 5 ವೋಲ್ಟ್ ರೆಫರೆನ್ಸಿನಲ್ಲಿ ಒಂದು ಎಣಿಕೆ ಅಂದ್ರೆ 4.88 ಮಿಲಿವೋಲ್ಟ್, ಸುಮಾರು ಅರ್ಧ ಡಿಗ್ರಿ. ಅದಕ್ಕಿಂತ ಸಣ್ಣ ಬದಲಾವಣೆ ಕಾಣ್ತಾನೇ ಇರಲಿಲ್ಲ. ಈಗ ಒಂದು ಎಣಿಕೆ 1.06 ಮಿಲಿವೋಲ್ಟ್, ಅಂದ್ರೆ ಡಿಗ್ರಿಯ ಹತ್ತನೇ ಒಂದು ಭಾಗ. ಬದಲಿಗೆ ಕೊಡಬೇಕಾದ ಬೆಲೆ ಏನು ಅಂದ್ರೆ, 1.083 ವೋಲ್ಟಿಗಿಂತ ಜಾಸ್ತಿ ಬಂದದ್ದೆಲ್ಲ 1023 ಅಂತಲೇ ಕಾಣುತ್ತೆ. ಎಲ್‌ಎಂ35ಗೆ ಅದು 108 ಡಿಗ್ರಿ. ಮೊಸರಿನ ಪೆಟ್ಟಿಗೆಗೆ ಅಷ್ಟು ಧಾರಾಳ ಸಾಕು.

ಎಲ್‌ಎಂ35ಗೆ ಕರೆಂಟು ಮಾತ್ರ ಮೊದಲಿನ ಹಾಗೇ 5ವಿ ಪಿನ್‌ನಿಂದಲೇ ಕೊಡಿ. ಅದಕ್ಕೆ 4 ವೋಲ್ಟಿಗಿಂತ ಹೆಚ್ಚು ಸಿಕ್ಕರೆ ಸಾಕು, ಸರಬರಾಜು 4.8 ಆದ್ರೂ 4.7 ಆದ್ರೂ ಡಿಗ್ರಿಗೆ 10 ಮಿಲಿವೋಲ್ಟ್ ಕೊಡ್ತಾನೇ ಇರುತ್ತೆ.

ಪೂರ್ತಿ ಪ್ರೋಗ್ರಾಂ ಇಷ್ಟೇ:

```cpp
const float VREF_MV = 1083.0;   // AREF ಪಿನ್‌ನಲ್ಲಿ ಅಳೆದದ್ದು

void setup() {
  Serial.begin(9600);
  analogReference(INTERNAL);
  for (int i = 0; i < 10; i++) {
    analogRead(A0);
    delay(10);
  }
}

void loop() {
  long sum = 0;
  for (int i = 0; i < 16; i++) sum += analogRead(A0);
  float mv = (sum / 16.0) * VREF_MV / 1024.0;
  Serial.println(mv / 10.0);
  delay(1000);
}
```

ಶುರುವಿನಲ್ಲಿ ಹತ್ತು ಸಲ ಓದಿ ಎಸೆದುಬಿಟ್ಟಿರೋದು ಯಾಕೆ ಅಂದ್ರೆ, ರೆಫರೆನ್ಸ್ ಬದಲಾಯಿಸಿದ ಮೇಲೆ ಅದು ನೆಲೆಗೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಮೊದಲ ಕೆಲವು ಓದುಗಳನ್ನ ನಂಬಬಾರದು.

ಗುಣಾಕಾರದಲ್ಲಿ ಅಡಗಿರೋ ಎರಡು ಹಳ್ಳ

ರೆಫರೆನ್ಸ್ ಸರಿಯಿದ್ರೂ ಲೆಕ್ಕ ಬರೆಯೋ ರೀತಿಯಲ್ಲಿ ತಪ್ಪಾಗಬಹುದು. ಈ ಎರಡು ಸಾಲು ನೋಡಿ:

```cpp
int raw = analogRead(A0);
float v = raw / 1024 * 5.0;
int mv  = raw * 5000 / 1024;
```

ಎರಡನೇ ಸಾಲಿನ ಉತ್ತರ ಯಾವಾಗ್ಲೂ 0. ಯಾಕಂದ್ರೆ `raw` ಪೂರ್ಣಾಂಕ, 1024 ಪೂರ್ಣಾಂಕ. 85ನ್ನು 1024ರಿಂದ ಭಾಗಿಸಿದ್ರೆ ಪೂರ್ಣಾಂಕದಲ್ಲಿ 0. ಆಮೇಲೆ 5ರಿಂದ ಗುಣಿಸಿ ಪ್ರಯೋಜನ ಇಲ್ಲ. ಇದು ಕೂಡಲೇ ಗೊತ್ತಾಗೋ ತಪ್ಪು.

ಮೂರನೇ ಸಾಲು ಹೆಚ್ಚು ಮೋಸದ್ದು. ಯುನೊದಲ್ಲಿ `int` ಅಂದ್ರೆ 16 ಬಿಟ್, ಅದರಲ್ಲಿ ಹಿಡಿಯೋದು 32767ರವರೆಗೆ ಮಾತ್ರ. 7ನ್ನು 5000ದಿಂದ ಗುಣಿಸಿದ್ರೇ 35000. ಪಾತ್ರೆ ತುಂಬಿ ಚೆಲ್ಲಿತು. 85ಕ್ಕೆ ಈ ಸಾಲು ಸಾಮಾನ್ಯವಾಗಿ ಕೊಡೋದು 31 ಮಿಲಿವೋಲ್ಟ್, ಬರಬೇಕಾಗಿದ್ದದ್ದು 415. ತಾಪಮಾನ 3 ಡಿಗ್ರಿ ಅಂತ ತೋರಿಸುತ್ತೆ. ಇದೇ ಪ್ರೋಗ್ರಾಂ 32 ಬಿಟ್‌ನ ಬೇರೆ ಬೋರ್ಡಿನಲ್ಲಿ ಸರಿಯಾಗಿ ನಡೆಯುತ್ತೆ, ಹಾಗಾಗಿ ಜನ ಬೋರ್ಡನ್ನೇ ದೂರುತ್ತಾರೆ. `5000L` ಅಂತ ಬರೆದ್ರೆ ಗುಣಾಕಾರ 32 ಬಿಟ್‌ನಲ್ಲಿ ನಡೆದು ಸರಿಹೋಗುತ್ತೆ.

1023ರಿಂದ ಭಾಗಿಸಬೇಕಾ, 1024ರಿಂದಲಾ ಅಂತ ಪ್ರತಿ ಸಲವೂ ಪ್ರಶ್ನೆ ಬರುತ್ತೆ. ಡೇಟಾಶೀಟ್ 1024 ಅನ್ನುತ್ತೆ, ಕಲ್ಲುಗಳ ಲೆಕ್ಕವೂ ಅದನ್ನೇ ಹೇಳುತ್ತೆ. ಆದ್ರೆ ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲು, 40 ಡಿಗ್ರಿಯಲ್ಲಿ 0.04 ಡಿಗ್ರಿ. ರೆಫರೆನ್ಸ್ ಅಳೆಯದೇ ಇದರ ಬಗ್ಗೆ ವಾದ ಮಾಡೋದು ವ್ಯರ್ಥ.

ಇಷ್ಟಾದ ಮೇಲೂ ಓದು ಹಾರಿದ್ರೆ

ಒಳಗಿನ ರೆಫರೆನ್ಸ್ ಹಾಕಿದ ಮೇಲೂ ರಿಲೇ ಆನ್ ಆದಾಗ ಓದು ಸ್ವಲ್ಪ ಏರಿದ್ರೆ ಗ್ರೌಂಡ್ ವೈರ್ ನೋಡಿ. ಸಾಮಾನ್ಯವಾಗಿ ಬ್ರೆಡ್‌ಬೋರ್ಡಿನಲ್ಲಿ ಸೆನ್ಸರಿನ ಗ್ರೌಂಡೂ ರಿಲೇ ಗ್ರೌಂಡೂ ಸೇರಿ ಒಂದೇ ವೈರಿನಲ್ಲಿ ಯುನೊಗೆ ಹೋಗಿರುತ್ತೆ. ಆ ವೈರು ಮತ್ತು ಅದರ ಸಡಿಲ ತುದಿ ಸೇರಿ 0.1 ಓಮ್ ಇದ್ರೆ, ರಿಲೇಯ 75 ಮಿಲಿಆಂಪಿಯರ್ ಅದರಲ್ಲಿ ಹರಿದಾಗ 7.5 ಮಿಲಿವೋಲ್ಟ್ ಏಳುತ್ತೆ. ಸೆನ್ಸರಿನ ಕಾಲ ಕೆಳಗಿನ ನೆಲವೇ ಅಷ್ಟು ಮೇಲೆದ್ದ ಹಾಗೆ. ಎಲ್‌ಎಂ35ನಲ್ಲಿ ಅದು ಮುಕ್ಕಾಲು ಡಿಗ್ರಿ.

ಪರೀಕ್ಷೆ ಮಾಡೋದು ಹೀಗೆ: ಮೀಟರನ್ನು ಮಿಲಿವೋಲ್ಟಿಗಿಟ್ಟು ಒಂದು ಮೊನೆಯನ್ನು ಎಲ್‌ಎಂ35ನ ಗ್ರೌಂಡ್ ಕಾಲಿಗೆ, ಇನ್ನೊಂದನ್ನು ಯುನೊದ ಗ್ರೌಂಡ್ ಪಿನ್‌ಗೆ ಹಿಡಿದು ರಿಲೇ ಹಚ್ಚಿ ಆರಿಸಿ. ಸಂಖ್ಯೆ ಹಾರಿದ್ರೆ ಕಾರಣ ಅದೇ. ಸೆನ್ಸರಿಗೆ ಯುನೊದ ಇನ್ನೊಂದು ಗ್ರೌಂಡ್ ಪಿನ್‌ನಿಂದ ಪ್ರತ್ಯೇಕ ವೈರು ಎಳೀರಿ. ಯುನೊದಲ್ಲಿ ಗ್ರೌಂಡ್ ಪಿನ್ ಒಂದಕ್ಕಿಂತ ಹೆಚ್ಚು ಇವೆ.

ಇನ್ನು ವೋಲ್ಟೇಜ್ ಪಕ್ಕಾ ಆಯ್ತು ಅಂದ ಮಾತ್ರಕ್ಕೆ ತಾಪಮಾನ ಪಕ್ಕಾ ಆಗಲ್ಲ. ನಮಗೆ ಲ್ಯಾಮಿಂಗ್ಟನ್ ರೋಡಿನಲ್ಲೋ ರಿಚಿ ಸ್ಟ್ರೀಟಿನಲ್ಲೋ ಸಿಗೋದು ಹೆಚ್ಚಾಗಿ ಎಲ್‌ಎಂ35ನ ಸಾಮಾನ್ಯ ದರ್ಜೆ. ಅದಕ್ಕೆ 25 ಡಿಗ್ರಿಯಲ್ಲೇ ಒಂದೂವರೆ ಡಿಗ್ರಿವರೆಗೆ ತಪ್ಪಿಗೆ ಡೇಟಾಶೀಟಿನಲ್ಲಿ ಅವಕಾಶ ಇದೆ. ಮನೆಯಲ್ಲಿರೋ ಡಿಜಿಟಲ್ ಜ್ವರದ ಥರ್ಮಾಮೀಟರ್ ಇದಕ್ಕೆ ಒಳ್ಳೇ ಸಾಕ್ಷಿ. ಬೆಚ್ಚಗಿನ ನೀರಲ್ಲಿ ಅದನ್ನೂ, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎಲ್‌ಎಂ35ನ್ನೂ ಒಟ್ಟಿಗೆ ಇಡಿ. ಅದರಲ್ಲಿ 104 ಫ್ಯಾರನ್‌ಹೀಟ್ ಬಂದ್ರೆ ನಿಮ್ಮದು 40 ತೋರಿಸಬೇಕು. ಇಲ್ಲಿ ಉಳಿದ ವ್ಯತ್ಯಾಸ ಸೆನ್ಸರಿನದ್ದು, ಅದನ್ನ ಕೂಡಿ ಕಳೆದು ಸರಿಮಾಡಬಹುದು. ಆದ್ರೆ ಇದನ್ನ ರೆಫರೆನ್ಸ್ ಸರಿಮಾಡಿದ ಮೇಲೆ ಮಾಡಿ. ಮುಂಚೆ ಮಾಡಿದ್ರೆ ಎರಡು ತಪ್ಪನ್ನ ಒಂದೇ ಸಂಖ್ಯೆಯಲ್ಲಿ ಮುಚ್ಚಿಟ್ಟ ಹಾಗಾಗುತ್ತೆ.

ಸರಬರಾಜನ್ನೇ ರೆಫರೆನ್ಸ್ ಮಾಡೋದು ಸರಿಯಾಗೋ ಜಾಗ

ಹಾಗಂತ ಎಲ್ಲಾ ಸೆನ್ಸರಿಗೂ ಒಳಗಿನ ರೆಫರೆನ್ಸೇ ಹಾಕಬೇಡಿ. ಪೊಟೆನ್ಶಿಯೋಮೀಟರ್ ತಗೊಳ್ಳಿ, ಅಥವಾ ರೆಸಿಸ್ಟರ್ ಜೊತೆ ಜೋಡಿಸಿದ ಥರ್ಮಿಸ್ಟರ್. ಇವು ತಾವಾಗಿ ವೋಲ್ಟೇಜ್ ಹುಟ್ಟಿಸಲ್ಲ, ಸರಬರಾಜನ್ನ ಪಾಲು ಮಾಡಿ ಕೊಡ್ತವೆ. ಪೊಟೆನ್ಶಿಯೋಮೀಟರ್ ಅರ್ಧಕ್ಕೆ ತಿರುಗಿದ್ರೆ 5 ವೋಲ್ಟಿಗೆ 2.5, 4.7 ವೋಲ್ಟಿಗೆ 2.35. ರೆಫರೆನ್ಸೂ ಅದೇ ಸರಬರಾಜು ಆಗಿದ್ರೆ ಎರಡು ಸಲವೂ ಎಣಿಕೆ 512. ಅಕ್ಕಿಯೂ ಕಲ್ಲೂ ಒಂದೇ ಪ್ರಮಾಣದಲ್ಲಿ ಸವೆದವು, ತೂಕ ಕೆಡಲಿಲ್ಲ. ಇಂಥ ಕಡೆ ವೋಲ್ಟೇಜಿಗೆ ತಿರುಗಿಸೋ ಅಗತ್ಯವೇ ಇಲ್ಲ, ಎಣಿಕೆಯ ಅನುಪಾತದಿಂದಲೇ ಕೋನ ಅಥವಾ ಪ್ರತಿರೋಧ ಸಿಗುತ್ತೆ. ಇಲ್ಲಿ ಒಳಗಿನ 1.1 ಹಾಕಿದ್ರೆ ಇಲ್ಲದ ತಪ್ಪನ್ನ ನಾವೇ ತಂದು ಹಾಕಿದ ಹಾಗೆ.

ಹಾಗಾಗಿ ಹೊಸ ಸೆನ್ಸರ್ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ. ಸರಬರಾಜು ಇಳಿದರೆ ಇದರ ಉತ್ತರವೂ ಇಳಿಯುತ್ತಾ? ಇಳಿಯುತ್ತೆ ಅಂದ್ರೆ ಸರಬರಾಜೇ ರೆಫರೆನ್ಸ್ ಆಗಲಿ. ಇಳಿಯಲ್ಲ ಅಂದ್ರೆ, ಎಲ್‌ಎಂ35 ಥರ, ಸ್ಥಿರವಾದ ರೆಫರೆನ್ಸ್ ಹುಡುಕಿ, ಅದನ್ನ ಒಂದು ಸಲ ಮೀಟರಿನಲ್ಲಿ ಅಳೆದು, ಆ ಸಂಖ್ಯೆಯನ್ನ ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಬರೀರಿ. ಬೋರ್ಡಿನ ಹಿಂದೆಯೂ ಒಂದು ಚೀಟಿ ಅಂಟಿಸಿ, ಯಾಕಂದ್ರೆ ಆ ಸಂಖ್ಯೆ ಆ ಒಂದು ಚಿಪ್‌ನದ್ದು ಮಾತ್ರ, ಬೋರ್ಡ್ ಬದಲಾದ್ರೆ ಮತ್ತೆ ಅಳೆಯಬೇಕು.

ನಿಮ್ಮ ಬೋರ್ಡಿನ `AREF` ಪಿನ್‌ನಲ್ಲಿ ಎಷ್ಟು ಬಂತು, 5ವಿ ಪಿನ್‌ನಲ್ಲಿ ಎಷ್ಟು ಬಂತು ಅಂತ ಅಳೆದು ವಿಡಿಯೋ ಕೆಳಗೆ ಬರೀರಿ. ಮುಂದಿನ ಮಾತಿನಲ್ಲಿ ಥರ್ಮಿಸ್ಟರ್ ಎಣಿಕೆಯಿಂದ ತಾಪಮಾನಕ್ಕೆ ಹೋಗೋ ದಾರಿ ನೋಡೋಣ.